‘ನೇ’ ಬಂದರೆ ಕರ್ತೃವಿನ ಮಾತು ನಡೆಯದು

‘ರಾಮ ರೊಟ್ಟಿ ತಿಂದ’ ಎನ್ನುವಾಗ ಕನ್ನಡದ ಕ್ರಿಯಾಪದ ರಾಮನನ್ನು ನೋಡುತ್ತದೆ. ಹಿಂದಿಗೆ ಬಂದಾಗ ಅದೇ ಮಾತು ‘ರಾಮ್ ನೇ ರೋಟೀ ಖಾಯೀ’ ಆಗುತ್ತದೆ. ತಿಂದವನು ಗಂಡಸಾದರೂ ಕ್ರಿಯಾಪದ ಸ್ತ್ರೀಲಿಂಗದಲ್ಲಿದೆ.

ಕಾರಣ ‘ನೇ’. ಸಕರ್ಮಕ ಕ್ರಿಯೆ ಮುಗಿದದ್ದನ್ನು ಹೇಳುವಾಗ ಕರ್ತೃವಿಗೆ ಈ ಪ್ರತ್ಯಯ ಸೇರುತ್ತದೆ. ಆಗ ಕ್ರಿಯಾಪದ ಕರ್ಮದ ಲಿಂಗ, ವಚನವನ್ನು ಹಿಡಿಯುತ್ತದೆ. ‘ರೋಟೀ’ ಸ್ತ್ರೀಲಿಂಗ, ಹಾಗಾಗಿ ‘ಖಾಯೀ’. ಸೀತೆ ಹಣ್ಣು ತಿಂದರೆ ‘ಸೀತಾ ನೇ ಫಲ್ ಖಾಯಾ’, ಏಕೆಂದರೆ ‘ಫಲ್’ ಪುಲ್ಲಿಂಗ. ಕನ್ನಡದಲ್ಲಿ ರೊಟ್ಟಿ, ಹಣ್ಣು ಎರಡೂ ನಪುಂಸಕಲಿಂಗವಾದ್ದರಿಂದ ನಾವು ಎಡವುವುದು ಇಲ್ಲಿಯೇ.

ಕರ್ಮಕ್ಕೆ ‘ಕೋ’ ಸೇರಿದರೆ ಈ ಹೊಂದಾಣಿಕೆಯೂ ತಪ್ಪುತ್ತದೆ. ‘ರಾಮ ಸೀತೆಯನ್ನು ನೋಡಿದ’ ಎಂಬುದು ‘ರಾಮ್ ನೇ ಸೀತಾ ಕೋ ದೇಖಾ’. ಇಲ್ಲಿ ‘ದೇಖೀ’ ತಪ್ಪು. ‘ಲಾನಾ’, ‘ಭೂಲ್‌ನಾ’ ಮೊದಲಾದ ಕೆಲವು ಕ್ರಿಯಾಪದಗಳು ಕರ್ಮವಿದ್ದರೂ ‘ನೇ’ ಬೇಡುವುದಿಲ್ಲ: ‘ಸೀತಾ ಫಲ್ ಲಾಯೀ’.