ವಿಡಿಯೋ ಬಿಡುಗಡೆಗೆ ಮುನ್ನ ನಾಲ್ಕು ಸುತ್ತಿನ ತಪಾಸಣೆ: ಹೊಗೇನಕಲ್ ನೀರಿನ ಸುದ್ದಿಯೇ ಉದಾಹರಣೆ

ಧರ್ಮಪುರಿ: ಕಾವೇರಿಯಲ್ಲಿ ನೀರು ಏರಿತೆಂದರೆ ಹೊಗೇನಕಲ್‌ನಿಂದ ಮೆಟ್ಟೂರಿನವರೆಗೆ ಮೊಬೈಲುಗಳಲ್ಲಿ ವಿಡಿಯೋಗಳ ಪ್ರವಾಹವೂ ಶುರುವಾಗುತ್ತದೆ. ಹರಿಗೋಲು ಬಿಡುತ್ತಾರೋ ಇಲ್ಲವೋ, ಸ್ನಾನಕ್ಕೆ ಇಳಿಯಬಹುದೋ ಬಾರದೋ ಎಂಬುದನ್ನು ಎಷ್ಟೋ ಮಂದಿ ಇಂಥ ವಿಡಿಯೋ ನೋಡಿಯೇ ತೀರ್ಮಾನಿಸುತ್ತಾರೆ. ಅದರಲ್ಲಿ ಒಂದು ಸೊನ್ನೆ ಬಿಟ್ಟುಹೋದರೂ ಅಪಾಯದ ನೀರು ಮಾಮೂಲಿ ನೀರಾಗಿ ಕಾಣುತ್ತದೆ.

ಯೂಟ್ಯೂಬಿನಲ್ಲಿ ಒಮ್ಮೆ ಬಿಡುಗಡೆಯಾದ ವಿಡಿಯೋಗೆ ಅದೇ ಕೊಂಡಿಯಲ್ಲಿ ಬೇರೆ ಫೈಲು ಹಾಕಲು ಬರುವುದಿಲ್ಲ. ಬೇಡದ ಭಾಗವನ್ನು ಕತ್ತರಿಸುವಂಥ ಕೆಲವು ತಿದ್ದುಪಡಿಗಳು ಮಾತ್ರ ಸಾಧ್ಯ. ಪರದೆಯ ಮೇಲಿನ ಅಕ್ಷರ ತಿದ್ದಬೇಕಾದರೆ ಹೊಸದಾಗಿ ಏರಿಸಬೇಕು. ಅಷ್ಟರಲ್ಲಿ ಹಳೆಯದು ವಾಟ್ಸಾಪ್‌ನಲ್ಲಿ ಊರು ಸುತ್ತಿರುತ್ತದೆ. ಆದ್ದರಿಂದ ತಪಾಸಣೆ ಬಿಡುಗಡೆಗೆ ಮುಂಚೆಯೇ ಆಗಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಿಳಿಗುಂಡ್ಲುವಿನಲ್ಲಿ ನೀರಿನ ಹರಿವು 24,000 ಕ್ಯೂಸೆಕ್‌ಗೆ ಏರಿದೆ, ಹರಿಗೋಲು ನಿಲ್ಲಿಸಲಾಗಿದೆ ಎಂಬ 4 ನಿಮಿಷ 40 ಸೆಕೆಂಡಿನ ವಿಡಿಯೋ. ಮಾತು ಕನ್ನಡದಲ್ಲಿ, ಪರದೆಯ ಕೆಳಗೆ ಕನ್ನಡ ಮತ್ತು ತಮಿಳು ಎರಡರಲ್ಲೂ ಬರಹ. ಸಂಕಲನ ಮುಗಿದಿದೆ. ಈಗ ನೋಡಬೇಕಾದದ್ದು ಸಂಕಲನದ ಪರದೆಯನ್ನಲ್ಲ, ಎಕ್ಸ್‌ಪೋರ್ಟ್ ಆಗಿ ಬಂದ ಫೈಲನ್ನು. ಸಂಕಲನದಲ್ಲಿ ಸರಿಯಿದ್ದದ್ದು ಎಕ್ಸ್‌ಪೋರ್ಟ್‌ನಲ್ಲಿ ಕೆಡುವುದುಂಟು.

ಎಲ್ಲವನ್ನೂ ಒಂದೇ ಸಲಕ್ಕೆ ಪರೀಕ್ಷಿಸಲು ಹೋಗಬೇಡಿ. ಕಣ್ಣು ಚಿತ್ರದಲ್ಲಿ ನೆಟ್ಟಿದ್ದರೆ ಕಿವಿ ಅರ್ಧ ನಿದ್ದೆ ಮಾಡುತ್ತದೆ. ಸುತ್ತಿಗೊಂದು ಕೆಲಸ ಇರಲಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಸಮಯ, ದೋಷ, ಪರಿಹಾರ ಎಂದು ಮೂರು ಕಾಲಂ ಬರೆಯಿರಿ. ದೋಷ ಕಂಡ ತಕ್ಷಣ ತಿದ್ದಲು ಓಡದೆ, ಬರೆದುಕೊಂಡು ಮುಂದೆ ಸಾಗಿ.

ಮೊದಲ ಸುತ್ತು: ಕಣ್ಣು ಮುಚ್ಚಿ ಕೇಳಿ

ಪರದೆಯನ್ನು ಮರೆಮಾಡಿ, ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿ. ಜಲಪಾತದ ಬಳಿ ತೆಗೆದ ವಿಡಿಯೋದಲ್ಲಿ ಮೊದಲ ತೊಂದರೆ ನೀರಿನ ಮೊರೆತ. ಒಂದು ತುಣುಕಿನಲ್ಲಿ ಮೊರೆತ ಜೋರಾಗಿದ್ದು, ಮುಂದಿನದರಲ್ಲಿ ತಟಕ್ಕನೆ ನಿಂತರೆ ಕೇಳುವವರಿಗೆ ಕಿವಿಗೆ ಹೊಡೆದಂತಾಗುತ್ತದೆ. ಮಾತಿಲ್ಲದ ಜಾಗದಿಂದ ಒಂದಷ್ಟು ನೀರಿನ ಸದ್ದು ತೆಗೆದು ಇಡೀ ಭಾಗದ ಅಡಿಯಲ್ಲಿ ಸಣ್ಣಗೆ ಹಾಸಿದರೆ ಈ ಜೋಡಣೆ ಗೊತ್ತಾಗುವುದಿಲ್ಲ.

ಎರಡನೆಯದು ಒಡೆದ ದನಿ. ಮೈಕು ತಡೆಯಲಾರದಷ್ಟು ಜೋರಾಗಿ ಮಾತಾಡಿದಾಗ ದನಿ ಕರಕರ ಎನ್ನುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲಿದ್ದರೆ ಈ ಸಾಲು ಸಾಕು:

```
ffmpeg -i final.mp4 -af volumedetect -vn -f null -
```

ಕೊನೆಯಲ್ಲಿ max_volume ಎಂಬ ಸಾಲು ಬರುತ್ತದೆ. ಅಲ್ಲಿ 0.0 dB ಎಂದಿದ್ದರೆ ದನಿ ಮೇಲ್ಮಿತಿಗೆ ತಗುಲಿದೆ ಎಂದರ್ಥ. -1 ಅಥವಾ ಅದಕ್ಕಿಂತ ಕೆಳಗಿದ್ದರೆ ಲೇಸು. ಆದರೆ ಚಿತ್ರೀಕರಣದಲ್ಲೇ ಒಡೆದ ದನಿಯನ್ನು ಆಮೇಲೆ ತಗ್ಗಿಸಿದ್ದರೆ ಅಂಕಿ ಸರಿಯಾಗಿಯೇ ಇರುತ್ತದೆ, ಕರಕರ ಮಾತ್ರ ಉಳಿದಿರುತ್ತದೆ. ಅದನ್ನು ಹಿಡಿಯಲು ಕಿವಿಯೇ ಬೇಕು.

ಮೂರನೆಯದನ್ನು ಹೆಡ್‌ಫೋನ್‌ನಲ್ಲಿ ಕೇಳಿದರೆ ಸುಲಭವಾಗಿ ಗೊತ್ತಾಗುವುದಿಲ್ಲ. ಎಡ ಬಲ ಎರಡು ದಾರಿಯ ದನಿಗಳು ಒಂದಕ್ಕೊಂದು ತಲೆಕೆಳಗಾಗಿದ್ದರೆ, ಒಂದೇ ಸ್ಪೀಕರಿನ ಫೋನಿನಲ್ಲಿ ಅವು ಕೂಡಿ ಪರಸ್ಪರ ಅಳಿಸಿಹೋಗುತ್ತವೆ. ಸಂಗೀತ ಕೇಳುತ್ತದೆ, ಮಾತು ಮಾಯ. ಹಾಗಾಗಿ ಮೊದಲ ಒಂದು ನಿಮಿಷವನ್ನು ಹೆಡ್‌ಫೋನ್ ಕಿತ್ತು, ಫೋನಿನ ಸ್ಪೀಕರಿನಲ್ಲೂ ಕೇಳಲೇಬೇಕು.

ಎರಡನೇ ಸುತ್ತು: ಅಕ್ಷರ ಮತ್ತು ಅಂಕಿ

ಈ ಸುತ್ತಿನಲ್ಲಿ ಪ್ರತಿ ಬರಹ ಬಂದಾಗ ವಿಡಿಯೋ ನಿಲ್ಲಿಸಿ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ತಪ್ಪು ತಾನಾಗಿ ತಿದ್ದಿಕೊಂಡುಬಿಡುತ್ತದೆ.

ಮೊದಲು ಅಕ್ಷರ ಒಡೆದಿದೆಯೇ ನೋಡಿ. ಸಂಕಲನದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಭಾಷೆಗಳ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಪರೀಕ್ಷೆಗೆ ನಮ್ಮ ಊರಿನ ಹೆಸರುಗಳೇ ಸಾಕು. ‘ಧರ್ಮಪುರಿ’ಯ ಅರ್ಕಾವೊತ್ತು, ‘ಕೃಷ್ಣಗಿರಿ’ಯ ಣಕಾರದ ಒತ್ತು, ‘ಮೆಟ್ಟೂರು’ವಿನ ಟಕಾರದ ಒತ್ತು ಸರಿಯಿದ್ದರೆ ಉಳಿದವೂ ಬಹುತೇಕ ಸರಿಯಿರುತ್ತವೆ. ತಮಿಳಿಗೆ ಬೇರೆ ಗುರುತು ಇದೆ. ಅಲ್ಲಿ ಎಕಾರ, ಏಕಾರದ ಕೊಂಬು ವ್ಯಂಜನದ ಎಡಕ್ಕೆ ಬರಬೇಕು. ಬಲಕ್ಕೆ ಬಂದಿದ್ದರೆ ಲಿಪಿ ಒಡೆದಿದೆ. ಹಳೆಯ ನುಡಿ ಅಥವಾ ಬರಹದಲ್ಲಿ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದನ್ನು ತಂದು ಅಂಟಿಸಿದ್ದರೆ ಇಡೀ ಸಾಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗಬಹುದು. ಅದನ್ನು ಯೂನಿಕೋಡ್‌ಗೆ ಬದಲಿಸಿ ಮತ್ತೆ ಹಾಕಬೇಕು.

ಆಮೇಲೆ ಅಂಕಿ. ದನಿ, ಕನ್ನಡ ಬರಹ, ತಮಿಳು ಬರಹ ಮೂರನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿ. ನಮ್ಮ ಉದಾಹರಣೆಯಲ್ಲಿ ದನಿ ಇಪ್ಪತ್ತನಾಲ್ಕು ಸಾವಿರ ಎನ್ನುತ್ತದೆ, ತಮಿಳಿನಲ್ಲಿ 24,000 ಇದೆ, ಕನ್ನಡದಲ್ಲಿ 2,400 ಎಂದಾಗಿದೆ. ಸೊನ್ನೆ ಬಿದ್ದುಹೋದದ್ದು ಕನ್ನಡ ಓದುವವನಿಗೆ ಗೊತ್ತಾಗುವುದೇ ಇಲ್ಲ.

ಗಡಿಭಾಗದಲ್ಲಿ ಇನ್ನೊಂದು ಗುಂಡಿಯಿದೆ. ತಮಿಳು ಸುದ್ದಿಯಲ್ಲಿ ಕ್ಯೂಸೆಕ್ ಎನ್ನುವ ಬದಲು ವಿನಾಡಿಗೆ ಇಷ್ಟು ‘ಕನ ಅಡಿ’ ಎನ್ನುತ್ತಾರೆ. ಅದು ನಮ್ಮ ಘನ ಅಡಿ. ಅವಸರದಲ್ಲಿ ಅನುವಾದಿಸಿದವರು ಬರೀ ‘ಅಡಿ’ ಎಂದು ಬರೆದರೆ ಹರಿವು ಹೋಗಿ ನೀರಿನ ಮಟ್ಟವಾಗಿಬಿಡುತ್ತದೆ. ಮೂರು ಅಳತೆಗಳನ್ನು ಬೇರೆಬೇರೆಯಾಗಿ ನೆನಪಿಡಿ. ಅಡಿ ಎಂದರೆ ಜಲಾಶಯದ ಮಟ್ಟ. ಮೆಟ್ಟೂರಿನ ಪೂರ್ಣ ಮಟ್ಟ 120 ಅಡಿ. ಟಿಎಂಸಿ ಎಂದರೆ ಸಂಗ್ರಹ. 120 ಅಡಿಯಲ್ಲಿ ಅಲ್ಲಿ 93.47 ಟಿಎಂಸಿ ನೀರಿರುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿಯ ಹರಿವು, ಅಂದಾಜು 28.3 ಲೀಟರ್. ಒಂದು ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಈ ಲೆಕ್ಕದಲ್ಲಿ 24,000 ಕ್ಯೂಸೆಕ್ ದಿನಕ್ಕೆ ಎರಡು ಟಿಎಂಸಿಗಿಂತ ತುಸು ಹೆಚ್ಚು. ವಿಡಿಯೋದಲ್ಲಿ ‘ದಿನಕ್ಕೆ 20 ಟಿಎಂಸಿ’ ಎಂದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ಕೂಡಲೇ ತಿಳಿಯುತ್ತದೆ.

ಕೊನೆಗೆ ಬರಹ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಎರಡು ಭಾಷೆಯ ಬರಹ ಒಟ್ಟಿಗೆ ಬಂದರೂ ಓದುವವರು ತಮ್ಮದನ್ನು ಹುಡುಕಿಕೊಳ್ಳಬೇಕು. ನಿಧಾನವಾಗಿ ಎರಡು ಸಲ ಓದಲು ಆಗುವಷ್ಟು ಹೊತ್ತು ಇರಲಿ.

ಮೂರನೇ ಸುತ್ತು: ದನಿ ಮುಚ್ಚಿ ಚಿತ್ರ ನೋಡಿ

ಈಗ ಸದ್ದು ಬಂದ್ ಮಾಡಿ. ಎರಡು ತುಣುಕು ಕೂಡುವ ಜಾಗಗಳಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಬೇಕು. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದು ಫ್ರೇಮ್ ಇರುವುದು ಸೆಕೆಂಡಿನ 25ನೇ ಒಂದು ಭಾಗ ಮಾತ್ರ. ನಡುವೆ ಒಂದು ಕಪ್ಪು ಫ್ರೇಮ್ ಉಳಿದಿದ್ದರೆ ಮಿಂಚಿದಂತಾಗುತ್ತದೆ, ಏನೆಂದು ತಿಳಿಯುವುದಿಲ್ಲ. ಹುಡುಕಲು ಈ ಸಾಲು:

```
ffmpeg -i final.mp4 -vf blackdetect=d=0.03 -an -f null -
```

ಎಲ್ಲೆಲ್ಲಿ ಕಪ್ಪಾಗಿದೆ ಎಂಬುದನ್ನು black_start ಎಂದು ಸೆಕೆಂಡಿನಲ್ಲಿ ತೋರಿಸುತ್ತದೆ. ಬೇಕೆಂದೇ ಕಪ್ಪಾಗಿಸಿದ ಆರಂಭ, ಅಂತ್ಯವೂ ಅದರಲ್ಲಿ ಬರುತ್ತವೆ. ಅವನ್ನು ಬಿಟ್ಟು ಉಳಿದದ್ದು ನೋಡಿ. ಹಿಂದಿನ ತುಣುಕಿನ ಒಂದು ಫ್ರೇಮ್ ಬಾಲದಂತೆ ಉಳಿದಿದ್ದರೆ ಇದು ಹಿಡಿಯುವುದಿಲ್ಲ. ಅದಕ್ಕೆ ಕಣ್ಣೇ ಗತಿ.

ಚಿತ್ರದ ವಿಷಯವನ್ನೂ ಇಲ್ಲೇ ನೋಡಬೇಕು. ಹಳೆಯ ಪ್ರವಾಹದ ದೃಶ್ಯ ಸೇರಿಸಿದ್ದರೆ ಅದರ ಮೇಲೆ ವರ್ಷ ಕಾಣಬೇಕು. ಮೆಟ್ಟೂರು 120 ಅಡಿ ತುಂಬಿದ 2018ರ ಜುಲೈ ತಿಂಗಳ ದೃಶ್ಯವನ್ನು ವರ್ಷ ಹಾಕದೆ ತೋರಿಸಿದರೆ ಅದು ಇಂದಿನ ನೀರೆಂದೇ ಜನ ತಿಳಿಯುತ್ತಾರೆ. ವರ್ಷದ ಬರಹ ಮೊದಲ ಎರಡು ಸೆಕೆಂಡಿಗೆ ಮಾತ್ರ ಬಂದು ಹೋದರೆ ಸಾಲದು, ಆ ದೃಶ್ಯ ಇರುವಷ್ಟು ಹೊತ್ತೂ ಇರಬೇಕು.

ನಾಲ್ಕನೇ ಸುತ್ತು: ಫೋನಿನಲ್ಲಿ ಪೂರ್ತಿ

ಕೊನೆಯ ಸುತ್ತಿನಲ್ಲಿ ದನಿ, ಚಿತ್ರ ಎರಡೂ ಸೇರಿಸಿ, ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ಮೊದಲಿನಿಂದ ಕೊನೆವರೆಗೆ ನೋಡಿ. ಇಲ್ಲಿ ಮುಖ್ಯವಾಗಿ ತುಟಿ ಮತ್ತು ಮಾತಿನ ಹೊಂದಾಣಿಕೆ ಗಮನಿಸಿ. ಬಹಳಷ್ಟು ಮೊಬೈಲುಗಳು ಬೆಳಕು ಕಮ್ಮಿಯಾದಾಗ ಫ್ರೇಮ್ ವೇಗವನ್ನು ತಾವೇ ಏರಿಸಿ ಇಳಿಸುತ್ತವೆ. ಸಂಕಲನ ತಂತ್ರಾಂಶ ಇದನ್ನು ಸರಿಯಾಗಿ ಓದದಿದ್ದರೆ ಮೊದಲ ನಿಮಿಷದಲ್ಲಿ ಸರಿಯಿದ್ದ ಮಾತು ನಾಲ್ಕನೇ ನಿಮಿಷಕ್ಕೆ ತುಟಿಗಿಂತ ಹಿಂದೆ ಬೀಳುತ್ತದೆ. ಆರಂಭ, ನಡು, ಅಂತ್ಯ ಮೂರು ಕಡೆ ನೋಡಿ. ಮೂರೂ ಕಡೆ ಒಂದೇ ಅಂತರವಿದ್ದರೆ ದನಿಯನ್ನು ಸರಿಸಿದರೆ ಸಾಕು. ಅಂತರ ಬೆಳೆಯುತ್ತಾ ಹೋಗಿದ್ದರೆ ಮೂಲ ತುಣುಕನ್ನೇ ಸ್ಥಿರ ಫ್ರೇಮ್ ವೇಗಕ್ಕೆ ಬದಲಿಸಿ ಮತ್ತೆ ಜೋಡಿಸಬೇಕು.

ಹಳೆಯ ಫೋನಿನಲ್ಲಿ ದನಿ ಮಾತ್ರ ಬಂದು ಚಿತ್ರ ಕಪ್ಪಾಗಿದ್ದರೆ ಫೈಲು ಎಚ್‌ಇವಿಸಿ ರೂಪದಲ್ಲಿರುವ ಸಂಭವ ಹೆಚ್ಚು. ಎಚ್.264 ರೂಪದ ಎಂಪಿ4 ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತದೆ. ಧುಮ್ಮಿಕ್ಕುವ ನೀರು ಚೌಕ ಚೌಕವಾಗಿ ಒಡೆದು ಕಂಡರೆ ಬಿಟ್‌ರೇಟ್ ಕಡಿಮೆಯಾಗಿದೆ. ಪ್ರತಿ ಫ್ರೇಮಿನಲ್ಲೂ ಬದಲಾಗುವ ನೀರಿಗೆ, ಕುಳಿತು ಮಾತಾಡುವ ಮುಖಕ್ಕಿಂತ ಹೆಚ್ಚು ಬಿಟ್ ಬೇಕು. ಯೂಟ್ಯೂಬ್ 1080ಪಿ ವಿಡಿಯೋಗೆ ಸೆಕೆಂಡಿಗೆ 8 ಮೆಗಾಬಿಟ್ ಎಂದು ಸೂಚಿಸುತ್ತದೆ. ಅದರಂತೆ ನಮ್ಮ ವಿಡಿಯೋ ಸುಮಾರು 280 ಎಂಬಿ ಆಗುತ್ತದೆ.

ಏರಿಸುವಾಗ ಮೊದಲು ‘ಖಾಸಗಿ’ ಎಂದೇ ಏರಿಸಿ. ಯೂಟ್ಯೂಬ್ ತನ್ನ ಸಂಸ್ಕರಣೆ ಮುಗಿಸಿದ ಮೇಲೆ 360ಪಿಯಲ್ಲಿ ಒಮ್ಮೆ ನೋಡಿ. ಸಿಗ್ನಲ್ ಕಮ್ಮಿಯಿರುವ ಹಳ್ಳಿಗಳಲ್ಲಿ ಜನ ನೋಡುವುದು ಅದನ್ನೇ. ಅಲ್ಲಿ ಒತ್ತಕ್ಷರ ಓದಲು ಬಾರದಿದ್ದರೆ ಅಕ್ಷರ ದೊಡ್ಡದಾಗಬೇಕು.

ತಿದ್ದಿದ ಮೇಲೆ

ನಮ್ಮ ಉದಾಹರಣೆಯ ಹಾಳೆಯಲ್ಲಿ ಈಗ ಮೂರು ಸಾಲಿವೆ ಎನ್ನೋಣ: 0:52ರಲ್ಲಿ ಕನ್ನಡ ಅಂಕಿ 2,400, 2:10ರಲ್ಲಿ ಕಪ್ಪು ಫ್ರೇಮ್, 3:35ರ ಹಳೆಯ ದೃಶ್ಯಕ್ಕೆ ವರ್ಷವಿಲ್ಲ. ಕಪ್ಪು ಫ್ರೇಮ್ ತೆಗೆದಾಗ ಅದರ ಮುಂದಿನ ಚಿತ್ರವೆಲ್ಲ ಒಂದು ಫ್ರೇಮ್ ಹಿಂದಕ್ಕೆ ಸರಿಯುತ್ತದೆ. ಬರಹ ಮತ್ತು ದನಿಯ ಪಟ್ಟಿಗಳು ಜೊತೆಗೆ ಸರಿಯದೆ ನಿಂತಿರಬಹುದು. ಆದ್ದರಿಂದ ತಿದ್ದುವಾಗ ಕೊನೆಯ ದೋಷದಿಂದ ಮೊದಲಿನದರ ಕಡೆಗೆ ಬನ್ನಿ. ಆಗ ಹಾಳೆಯಲ್ಲಿ ಬರೆದ ಸಮಯಗಳು ಕೆಡುವುದಿಲ್ಲ. ಮತ್ತೆ ಎಕ್ಸ್‌ಪೋರ್ಟ್ ಮಾಡಿ, ತಿದ್ದಿದ ಪ್ರತಿ ಜಾಗದ ಹಿಂದೆ ಮುಂದೆ ಹತ್ತು ಸೆಕೆಂಡು ನೋಡಿ. ಏನಾದರೂ ಕತ್ತರಿಸಿದ್ದರೆ ಅಲ್ಲಿಂದ ಕೊನೆಯವರೆಗೂ ನೋಡಬೇಕು.

ಸಾಧ್ಯವಾದರೆ ಎರಡನೇ ಸುತ್ತನ್ನು ವಿಡಿಯೋ ಮಾಡದ ಇಬ್ಬರಿಗೆ ಬಿಡಿ. ಒಬ್ಬರು ಕನ್ನಡ ಓದಲಿ, ಇನ್ನೊಬ್ಬರು ತಮಿಳು ಓದಲಿ. ಇಬ್ಬರೂ ‘ನೀರು ಎಷ್ಟು? ಹರಿಗೋಲು ಉಂಟೋ ಇಲ್ಲವೋ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟರೆ ವಿಡಿಯೋ ಬಿಡಬಹುದು.