ಹೆಸರು ಹಿಡಿದು ಕರೆಯುವ ಮುನ್ನ

2024ರ ಮೇ ತಿಂಗಳು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ನರ್ಸಿಂಗ್ ವಿದ್ಯಾರ್ಥಿಗಳ ಪದವಿ ಪ್ರದಾನ ಸಮಾರಂಭ ನಡೆದಿತ್ತು. ವೇದಿಕೆಯಲ್ಲಿ ಹೆಸರು ಓದುತ್ತಿದ್ದವರು ಒಂದಾದ ಮೇಲೊಂದು ಹೆಸರಿಗೆ ಎಡವತೊಡಗಿದರು. ವಿಶ್ವವಿದ್ಯಾಲಯದ ಹೆಸರಿನಲ್ಲೇ ಇರುವ ‘ಥಾಮಸ್’ ಕೂಡ ಅವರ ಬಾಯಲ್ಲಿ ‘ಥಾಮೊಮೇ’ ಎಂಬಂತಾಯಿತು. ವಿಡಿಯೊ ಎಲ್ಲೆಡೆ ಹರಿದಾಡಿ, ಕೊನೆಗೆ ಸಂಸ್ಥೆ ಕ್ಷಮೆ ಕೇಳಿತು. ಉಚ್ಚಾರಣೆಗೆ ನೆರವಾಗಲೆಂದು ಕಾರ್ಡುಗಳಲ್ಲಿ ಹೆಸರುಗಳನ್ನು ಬಿಡಿಸಿ ಬರೆದಿದ್ದ ರೀತಿಯೇ ಈ ಎಡವಟ್ಟಿಗೆ ಕಾರಣ ಎಂದು ಅದು ಹೇಳಿತು.

ಸಭೆಯಲ್ಲಿ ಬೇರೆ ಯಾವ ಪದ ತಪ್ಪಿದ್ದರೂ ಜನ ನಕ್ಕು ಮರೆಯುತ್ತಿದ್ದರೇನೋ. ತಮ್ಮ ಹೆಸರಿನ ವಿಷಯದಲ್ಲಿ ಕಿವಿ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 1959ರಲ್ಲಿ ಮನೋವಿಜ್ಞಾನಿ ನೆವಿಲ್ ಮೊರೇ ಇದನ್ನು ಪರೀಕ್ಷಿಸಿದ್ದರು. ಹೆಡ್‌ಫೋನ್ ಹಾಕಿಕೊಂಡವರ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದ್ದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತ ಹೋಗಲು ಸೂಚಿಸಿದ್ದರು. ಇನ್ನೊಂದು ಕಿವಿಗೆ ಬಿದ್ದ ಮಾತು ಹೆಚ್ಚುಕಡಿಮೆ ಯಾರಿಗೂ ದಕ್ಕಲಿಲ್ಲ. ಆದರೆ ಆ ಮಾತಿನ ಮುಂದೆ ಅವರದೇ ಹೆಸರು ಸೇರಿಸಿದಾಗ ಸುಮಾರು ಮೂರನೇ ಒಂದು ಭಾಗದ ಸಂದರ್ಭಗಳಲ್ಲಿ ಅದು ಗಮನಕ್ಕೆ ಬಂತು.

ಹೀಗೆ ಕಿವಿಗೆ ಬಿದ್ದ ಹೆಸರು ಮನಸ್ಸಿಗೂ ಹಿತವೆನಿಸುತ್ತದೆಯೇ? 1995ರಲ್ಲಿ ಡೇನಿಯಲ್ ಹೊವಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮೇಷ್ಟ್ರು ತಮ್ಮ ಹೆಸರು ನೆನಪಿಟ್ಟಿದ್ದಾರೆಂದು ಕಂಡ ವಿದ್ಯಾರ್ಥಿಗಳು ಅವರು ಮಾರಲು ತಂದ ಕುಕೀಗಳನ್ನು ಕೊಳ್ಳಲು ಹೆಚ್ಚು ಸಿದ್ಧರಾಗಿದ್ದರು. ಹೆಸರು ನೆನಪಿಡುವುದನ್ನು ಜನ ಒಂದು ಮೆಚ್ಚುಗೆಯೆಂದೇ ತೆಗೆದುಕೊಳ್ಳುತ್ತಾರೆ ಎಂಬುದು ಸಂಶೋಧಕರ ವಿವರಣೆ. ಇದರ ಸುಳಿವು ಹಿಡಿದ ಮಾರಾಟಗಾರರು ಫೋನಿನಲ್ಲಿ ಎರಡು ವಾಕ್ಯಕ್ಕೊಮ್ಮೆ ಹೆಸರು ಹೇಳುತ್ತಾರೆ. ಆಗ ಕೇಳುವವರಿಗೆ ಅದರ ಹಿಂದಿನ ಲೆಕ್ಕಾಚಾರ ಕಾಣಿಸಿ ಕಿರಿಕಿರಿಯಾಗುತ್ತದೆ. ಭೇಟಿಯಾದಾಗ ಒಮ್ಮೆ, ಬೀಳ್ಕೊಡುವಾಗ ಒಮ್ಮೆ ಹೇಳಿದರೆ ಸಾಕು. ಇನ್ನು ಕನ್ನಡದಲ್ಲಿ ಹಿರಿಯರನ್ನು ಬರಿಯ ಹೆಸರಿನಿಂದ ಕರೆದರೆ ಆತ್ಮೀಯತೆ ಬದಲು ಉದ್ಧಟತನ ಕೇಳಿಸುತ್ತದೆ. ‘ನಮಸ್ಕಾರ ಶಾರದಮ್ಮನವರೇ’ ಎಂದಾಗಲೇ ಹೆಸರೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಪರಿಚಯವಿಲ್ಲದ ಹೆಸರು ಸಾಮಾನ್ಯವಾಗಿ ಕೆಡುವುದು ಲಿಪಿಯಲ್ಲಿ. ಕನ್ನಡದ ಹ್ರಸ್ವ ದೀರ್ಘಗಳು, ನ ಣ, ಲ ಳ ಎಲ್ಲ ರೋಮನ್ ಅಕ್ಷರಕ್ಕೆ ಇಳಿದಾಗ ಒಂದಾಗಿಬಿಡುತ್ತವೆ. ಕಾಗದ ನೋಡಿ ಓದುವವರಿಗೆ ‘ಕಮಲ’ ಯಾವುದು, ‘ಕಮಾಲ’ ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ. ಇದು ಎರಡೂ ಕಡೆಯ ಕಷ್ಟ. ಐರ್ಲೆಂಡಿನ ಸಹೋದ್ಯೋಗಿಯೊಬ್ಬರ ಇಮೇಲಿನಲ್ಲಿ Siobhán ಎಂಬ ಹೆಸರು ನೋಡಿದ ಬೆಂಗಳೂರಿನವರು ಅದನ್ನು ‘ಸಿಯೊಭಾನ್’ ಎಂದೇ ಓದುತ್ತಾರೆ. ಐರಿಷ್ ಬರವಣಿಗೆಯಲ್ಲಿ i ಮುಂದಿರುವ s ‘ಶ’ ಆಗುತ್ತದೆ, ಇಲ್ಲಿ bh ‘ವ’ ಆಗುತ್ತದೆ. ಹೆಸರು ‘ಶಿವಾನ್’ಗೆ ಹತ್ತಿರ.

ಇಂಥ ಹೆಸರಿಗೆ ಊಹೆ ನಡೆಯುವುದಿಲ್ಲ, ಕೇಳಲೇಬೇಕು. ಮೊದಲ ಭೇಟಿಯಲ್ಲೇ ‘ನಿಮ್ಮ ಹೆಸರನ್ನು ನೀವು ಹೇಗೆ ಹೇಳುತ್ತೀರಿ?’ ಎಂದು ವಿಚಾರಿಸಿದರೆ ಯಾರಿಗೂ ಮುಜುಗರವಿಲ್ಲ. ಆರು ತಿಂಗಳು ತಪ್ಪಾಗಿ ಕರೆದ ಮೇಲೆ ಕೇಳುವುದೇ ಕಷ್ಟ. ಅವರು ಹೇಳಿದ್ದನ್ನು ಒಮ್ಮೆ ತಿರುಗಿ ಹೇಳಿ, ಸರಿಯೇ ಎಂದು ಕೇಳಿ, ಕೂಡಲೇ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಫಿಲಡೆಲ್ಫಿಯಾದ ಕಾರ್ಡುಗಳು ಕೈಕೊಟ್ಟದ್ದು ಇಲ್ಲೇ: ಬೇರೆಯವರು ಬಿಡಿಸಿ ಬರೆದುಕೊಟ್ಟ ಅಕ್ಷರಕ್ಕಿಂತ ತಾನೇ ಕೇಳಿ ಗುರುತು ಹಾಕಿಕೊಂಡದ್ದು ನಾಲಿಗೆಗೆ ಒಗ್ಗುತ್ತದೆ. ‘ನಿಮ್ಮ ಹೆಸರು ಬಹಳ ಕಷ್ಟ, ಚಿಕ್ಕದಾಗಿ ಏನಾದರೂ ಕರೆಯಲೇ?’ ಎಂಬ ಪ್ರಶ್ನೆ ಮಾತ್ರ ಬೇಡ. ಅಡ್ಡಹೆಸರು ಸೂಚಿಸುವುದಿದ್ದರೆ ಅವರೇ ಸೂಚಿಸಲಿ. ಮುಂದೆ ಮತ್ತೆ ತಪ್ಪಿದರೆ ತಿದ್ದಿಕೊಂಡು ಮಾತು ಮುಂದುವರಿಸುವುದೇ ವಾಸಿ. ಉದ್ದ ಕ್ಷಮಾಪಣೆ ಶುರುವಾದರೆ ಸಮಾಧಾನ ಹೇಳುವ ಕೆಲಸವೂ ಹೆಸರಿನವರ ತಲೆಗೇ ಬರುತ್ತದೆ.

ಹೆಸರಿನ ಮೂಲ ಭಾಷೆ ಗೊತ್ತಿದ್ದವರಿಗೂ ಒಂದು ಬಲೆಯಿದೆ. ಕಮಲಾ ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ ತಮಿಳರು. ಆ ಹೆಸರು ಕನ್ನಡಿಗರಿಗೂ ಮನೆಮಾತು. 2020ರ ಅಕ್ಟೋಬರಿನಲ್ಲಿ ಸೆನೆಟರ್ ಡೇವಿಡ್ ಪರ್ಡ್ಯೂ ಪ್ರಚಾರ ಸಭೆಯಲ್ಲಿ ಅದನ್ನು ಮನಬಂದಂತೆ ತಿರುಚಿದಾಗ, ಅನೇಕರು ತಮ್ಮ ತಮ್ಮ ಹೆಸರಿನ ಅರ್ಥ ಹೇಳಿಕೊಂಡು ಪ್ರತಿಭಟಿಸಿದರು. ಆದರೆ ಹ್ಯಾರಿಸ್ ಅವರೇ ತಮ್ಮ ಹೆಸರಿನ ಮೊದಲರ್ಧವನ್ನು ಇಂಗ್ಲಿಷಿನ ‘ಕಾಮಾ’ ಚಿಹ್ನೆಯಂತೆ ಒತ್ತಿ ಉಚ್ಚರಿಸುತ್ತಾರೆ. ನಮ್ಮ ‘ಕಮಲಾ’ಕ್ಕಿಂತ ಅದು ತುಸು ಬೇರೆ. ಇಂಗ್ಲಿಷಿನಲ್ಲಿ ಅವರನ್ನು ಎದುರುಗೊಂಡ ಕನ್ನಡಿಗರು ಬಳಸಬೇಕಾದದ್ದು ಅವರ ಉಚ್ಚಾರಣೆಯನ್ನೇ.