ಮೊನ್ನೆ ‘ಪದ’, ಇವತ್ತು ‘ಅಕ್ಷರ’: ಒಂದೇ ಮಗು, ಒಂದೇ ಪರೀಕ್ಷೆ!

ಒಂದು ಪಂದ್ಯ ಕಟ್ಟೋಣ ಬನ್ನಿ!

ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿ ತಾಲ್ಲೂಕಿನ ಯಾವುದಾದರೂ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯ ಒಂದು ಹುಡುಗಿಯನ್ನು ನೆನೆದುಕೊಳ್ಳಿ. ಪುಸ್ತಕದ ಸರಳ ಪದಗಳಲ್ಲಿ ಹತ್ತಕ್ಕೆ ಏಳನ್ನು ಸರಿಯಾಗಿ ಓದುತ್ತಾಳೆ. ಸೋಮವಾರ ಅವಳ ಓದಿನ ಹಂತ ಯಾವುದೆಂದು ಪರೀಕ್ಷಿಸಿದರು. ಗುರುವಾರ ಅದೇ ಪರೀಕ್ಷೆ ಮತ್ತೊಮ್ಮೆ. ಈ ಮೂರು ದಿನದಲ್ಲಿ ಅವಳು ಹೊಸದೇನೂ ಕಲಿತಿಲ್ಲ, ಕಲಿತದ್ದೇನೂ ಮರೆತಿಲ್ಲ.

ಎರಡೂ ದಿನ ಅವಳು ಒಂದೇ ಗುಂಪಿಗೆ ಬೀಳುವ ಸಾಧ್ಯತೆ ಎಷ್ಟು? ನೂರಕ್ಕೆ ತೊಂಬತ್ತು? ಎಂಬತ್ತು?

ಉತ್ತರ ಈಗಲೇ ಹೇಳುವುದಿಲ್ಲ. ಮೊದಲು ಆ ಪರೀಕ್ಷೆಯನ್ನು ನೋಡಿ. ಅದೇ ಒಂದು ಸೋಜಿಗ!

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗಳಿಗೆ ‘ಓದು ಕರ್ನಾಟಕ’ ಎಂಬ ಕಾರ್ಯಕ್ರಮ ಬಂತಲ್ಲ, ಅದರ ಬುಡದಲ್ಲಿರುವುದು ಈ ಪುಟ್ಟ ಪರೀಕ್ಷೆ. 2005ರಿಂದ ದೇಶದ ಹಳ್ಳಿಹಳ್ಳಿ ಸುತ್ತುತ್ತಿರುವ ಅಸರ್ ಸಮೀಕ್ಷೆಯ ಹಾಳೆಯೇ ಇದರ ಮೂಲ. ಮಗು ಯಾವ ತರಗತಿಯಲ್ಲಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಎಲ್ಲಿಯವರೆಗೆ ಓದಬಲ್ಲದು ಎಂಬುದಷ್ಟೇ ಪ್ರಶ್ನೆ! ಪ್ರಾರಂಭಿಕ, ಅಕ್ಷರ, ಪದ, ವಾಕ್ಯವೃಂದ, ಕಥೆ ಎಂದು ಐದು ಹಂತ. ಹಂತಕ್ಕೆ ತಕ್ಕ ಗುಂಪು, ಗುಂಪಿಗೆ ತಕ್ಕ ಪಾಠ.

ಪರೀಕ್ಷೆ ಎಲ್ಲಿಂದ ಶುರು? ‘ಅಕ್ಷರದಿಂದ’ ಅಂದಿರಾ? ತಪ್ಪಿದಿರಿ! ನಡುವಿನಿಂದ!

ಮೊದಲು ಮಗುವಿನ ಮುಂದೆ ಇಡುವುದು ಒಂದನೇ ತರಗತಿ ಮಟ್ಟದ ನಾಲ್ಕು ಸಾಲು. ತಡವರಿಸದೆ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಮೇಲಕ್ಕೆ, ಅಂದರೆ ಎರಡನೇ ತರಗತಿ ಮಟ್ಟದ ಕಥೆಗೆ. ಆಗಲಿಲ್ಲವೋ, ಕೆಳಕ್ಕೆ, ಪದಗಳಿಗೆ. ಐದು ಪದ ಓದಬೇಕು, ನಾಲ್ಕು ಸರಿಯಿದ್ದರೆ ‘ಪದ’ ಹಂತ. ಇಲ್ಲವಾದರೆ ಇನ್ನೂ ಕೆಳಗೆ, ಅಕ್ಷರಗಳಿಗೆ. ಅಲ್ಲೂ ಐದಕ್ಕೆ ನಾಲ್ಕು. ಅದೂ ಆಗದಿದ್ದರೆ ‘ಪ್ರಾರಂಭಿಕ’.

ಅಷ್ಟೇ! ಕೆಲವೇ ನಿಮಿಷ! ಮಗು ಮುಂದಿನ ಕೆಲವು ವಾರ ಯಾರ ಪಕ್ಕ ಕೂರುತ್ತದೆ, ಏನು ಕಲಿಯುತ್ತದೆ ಎಂಬುದು ತೀರ್ಮಾನವಾಯಿತು.

ಈಗ ನಮ್ಮ ಹುಡುಗಿಗೆ ಬನ್ನಿ. ನಾಲ್ಕು ಸಾಲು ಅವಳಿಗೆ ಕಷ್ಟ. ಪದಕ್ಕೆ ಇಳಿದಳು. ಹತ್ತಕ್ಕೆ ಏಳು ಪದ ಬಲ್ಲವಳು ಐದು ಪದ ಓದುತ್ತಾಳೆ. ಐದೂ ಸರಿಯಾಗುವ ಸಾಧ್ಯತೆ ನೂರಕ್ಕೆ ಸುಮಾರು 17. ಸರಿಯಾಗಿ ನಾಲ್ಕು ಸರಿಯಾಗುವುದು 36. ಕೂಡಿಸಿದರೆ 53. ಅಂದರೆ ಸೋಮವಾರ ಪಾಸಾಗುವುದು ನೂರಕ್ಕೆ 53, ಗುರುವಾರವೂ 53. ಎರಡು ಸಲವೂ ಪಾಸ್, ಇಲ್ಲವೇ ಎರಡು ಸಲವೂ ಫೇಲ್, ಎರಡನ್ನೂ ಸೇರಿಸಿದರೆ?

ಐವತ್ತು! ನೂರಕ್ಕೆ ಬರೀ ಐವತ್ತು!

ನಾಣ್ಯ ಚಿಮ್ಮಿ ಗುಂಪು ಮಾಡಿದಂತೆಯೇ ಆಯಿತು. ಪರೀಕ್ಷೆ ಸರಿಯಿದೆ, ಮಾಸ್ತರು ಸರಿಯಿದ್ದಾರೆ, ಹುಡುಗಿಯೂ ಸರಿಯಿದ್ದಾಳೆ. ಆದರೂ!

ಹಾಗಾದರೆ ಈ ಪರೀಕ್ಷೆಯೇ ದಂಡವೇ? ತಾಳಿ! ಅವಳ ಪಕ್ಕದಲ್ಲಿ ಕೂತ ಹುಡುಗ ನೂರಕ್ಕೆ 95 ಪದ ಬಲ್ಲ. ಅವನಿಗೆ ಇದೇ ಲೆಕ್ಕ ಹಾಕಿ. ಎರಡೂ ದಿನ ಒಂದೇ ಫಲಿತಾಂಶ ಬರುವ ಸಾಧ್ಯತೆ 95ಕ್ಕೂ ಮೇಲೆ! ಹಿಂದಿನ ಸಾಲಿನ ಇನ್ನೊಬ್ಬ ನೂರಕ್ಕೆ 30 ಪದವಷ್ಟೇ ಬಲ್ಲ. ಅವನಿಗೂ 94! ಅದೇ ಹಾಳೆ, ಅದೇ ಐದು ಪದ, ಅದೇ ಮಾಸ್ತರು. ಒಬ್ಬನಿಗೆ ಬಂಡೆಯಷ್ಟು ಗಟ್ಟಿ, ಇನ್ನೊಬ್ಬಳಿಗೆ ಗಾಳಿ.

‘ಈ ಪರೀಕ್ಷೆ ಎಷ್ಟು ವಿಶ್ವಾಸಾರ್ಹ?’ ಎಂದು ಯಾರಾದರೂ ಕೇಳಿದರೆ ಇನ್ನು ಮುಂದೆ ನೀವು ತಿರುಗಿ ಕೇಳಿ: ‘ಯಾವ ಮಗುವಿಗೆ?’

ಇನ್ನೂ ದೊಡ್ಡ ಬೆರಗು ಮುಂದಿದೆ. ಲೆಕ್ಕಕ್ಕಾಗಿ ಎರಡು ತರಗತಿಗಳನ್ನು ನಾನೇ ಕಟ್ಟುತ್ತೇನೆ. ಒಂದು ಲಿಂಗಸುಗೂರಿನಲ್ಲಿದೆ ಅನ್ನೋಣ, ಇನ್ನೊಂದು ಮಸ್ಕಿಯಲ್ಲಿ. ತಲಾ 40 ಮಕ್ಕಳು, ತಲಾ ಎರಡು ಪರೀಕ್ಷೆ. ಎರಡೂ ಕಡೆ 32 ಮಕ್ಕಳು ಎರಡೂ ದಿನ ಒಂದೇ ಗುಂಪಿಗೆ ಬಂದರು. 8 ಮಕ್ಕಳು ಬದಲಾದರು: ನಾಲ್ವರು ಮೇಲೆ ಹೋದರು, ನಾಲ್ವರು ಕೆಳಗೆ ಬಂದರು. ಎರಡೂ ಕಡೆ ಹೊಂದಾಣಿಕೆ ನೂರಕ್ಕೆ 80.

ಎರಡೂ ತರಗತಿಯಲ್ಲಿ ಪರೀಕ್ಷೆ ಒಂದೇ ಸಮ ಕೆಲಸ ಮಾಡಿತು ಅಂದಿರಾ? ಅಲ್ಲೇ ಇರುವುದು ಗುಟ್ಟು!

ಲಿಂಗಸುಗೂರಿನ ತರಗತಿಯಲ್ಲಿ ಪ್ರತಿ ಸಲವೂ 20 ಮಕ್ಕಳು ಮೇಲಿನ ಗುಂಪು, 20 ಕೆಳಗಿನ ಗುಂಪು. ಮಸ್ಕಿಯದರಲ್ಲಿ ಪ್ರತಿ ಸಲವೂ 36 ಮಕ್ಕಳು ಮೇಲೆ, ನಾಲ್ವರು ಮಾತ್ರ ಕೆಳಗೆ. ಈಗ ಪರೀಕ್ಷೆಯನ್ನೇ ಬಿಟ್ಟುಬಿಡಿ. ಚೀಟಿ ಎತ್ತಿ ಗುಂಪು ಮಾಡಿ, ಎರಡು ಸಲ. ಬರೀ ಅದೃಷ್ಟದಿಂದ ಎಷ್ಟು ಹೊಂದುತ್ತದೆ? ಲಿಂಗಸುಗೂರಿನಲ್ಲಿ ನೂರಕ್ಕೆ 50. ಮಸ್ಕಿಯಲ್ಲಿ, ಉಸಿರು ಬಿಗಿಹಿಡಿಯಿರಿ, 82!

ಚೀಟಿ ಎತ್ತಿದ್ದರೆ 82, ಕೂರಿಸಿ ಓದಿಸಿದ್ದಕ್ಕೆ 80! ಪರೀಕ್ಷೆ ಚೀಟಿಗಿಂತ ಹಿಂದೆ ಬಿತ್ತು!

ಈ ಮೋಸವನ್ನು ಹಿಡಿಯಲೆಂದೇ 1960ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ ಒಂದು ಅಳತೆ ಕೊಟ್ಟರು. ಹೆಸರು ಕಪ್ಪಾ. ನಿಜವಾದ ಹೊಂದಾಣಿಕೆಯಿಂದ ಅದೃಷ್ಟದ ಪಾಲು ಕಳೆಯಿರಿ. ಅದೃಷ್ಟ ಬಿಟ್ಟುಕೊಟ್ಟ ಜಾಗದಿಂದ ಭಾಗಿಸಿ. ಲಿಂಗಸುಗೂರಿಗೆ 30 ಭಾಗಿಸು 50, ಅಂದರೆ 0.6. ಒಳ್ಳೆಯದೇ. ಮಸ್ಕಿಗೆ? 80ರಿಂದ 82 ಕಳೆದರೆ ಮೈನಸ್ 2. ಅದನ್ನು 18ರಿಂದ ಭಾಗಿಸಿ. ಮೈನಸ್ 0.11! ಸೊನ್ನೆಗಿಂತ ಕೆಳಗೆ!

ಎರಡೂ ಕಡೆ ಗುಂಪು ಬದಲಿಸಿದ್ದು ಎಂಟೇ ಮಕ್ಕಳು ಎಂಬುದನ್ನು ಮರೆಯಬೇಡಿ. ‘ನಮ್ಮ ಪರೀಕ್ಷೆಯಲ್ಲಿ ನೂರಕ್ಕೆ 80 ಹೊಂದಾಣಿಕೆ’ ಎಂದು ಯಾರಾದರೂ ಬೀಗಿದರೆ, ‘ಪ್ರತಿ ಗುಂಪಿನಲ್ಲಿ ಎಷ್ಟು ಮಕ್ಕಳಿದ್ದರು?’ ಎಂದು ಕೇಳದೆ ಚಪ್ಪಾಳೆ ತಟ್ಟಬೇಡಿ.

ಇಷ್ಟೂ ಬರೀ ಲೆಕ್ಕದ ಆಟ. ನೆಲಕ್ಕೆ ಇಳಿದರೆ ಇನ್ನೂ ಮಜಾ!

ರಾಯಚೂರು ಸೀಮೆಯ ಮಗುವಿನ ಬಾಯಲ್ಲಿ ಮನೆ ‘ಮನಿ’. ಶಾಲೆ ‘ಸಾಲಿ’. ಹಾಳೆಯಲ್ಲಿ ‘ಮನೆ’ ಎಂದಿದೆ, ಮಗು ‘ಮನಿ’ ಎಂದಿತು. ತಪ್ಪೋ, ಸರಿಯೋ? ಸೋಮವಾರದ ಅಕ್ಕೋರು ಇದೇ ಊರಿನವರು, ಅವರ ಕಿವಿಗೆ ಅದು ಸರಿಯೇ. ಗುರುವಾರದ ಮಾಸ್ತರು ದೂರದ ಜಿಲ್ಲೆಯಿಂದ ವರ್ಗವಾಗಿ ಬಂದವರು, ಅವರು ಗೀಟು ಎಳೆದರು. ನಾಲ್ಕು ಸಾಲಿನಲ್ಲಿ ಇಂಥ ನಾಲ್ಕು ಪದ ಬಂದರೆ ಸಾಕು, ಮೂರು ತಪ್ಪಿನ ಗಡಿ ದಾಟಿತು. ಮಗು ಕಥೆಯ ಕಡೆ ಹೋಗುವ ಬದಲು ಪದಕ್ಕೆ ಇಳಿಯಿತು! ಓದಿದ್ದು ಎರಡು ದಿನವೂ ಒಂದೇ ಥರ. ಬದಲಾಗಿದ್ದು ಕಿವಿ!

ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಸಿಂಧನೂರಿನ ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡುವ ಮನೆಗಳಿವೆ. ಅಲ್ಲಿಯ ಮಕ್ಕಳ ಉಚ್ಚಾರವನ್ನು ಯಾವ ಕಿವಿ ಹೇಗೆ ಎಣಿಸಬೇಕೆಂದು ಮೊದಲೇ ಬರೆದಿಡದಿದ್ದರೆ ಎರಡನೇ ಸಲದ ಫಲಿತಾಂಶ ಯಾರು ಕೇಳಿಸಿಕೊಂಡರು ಎಂಬುದರ ಮೇಲೆ ನಿಂತಿತು. ಇದಕ್ಕೇ ಅಸರ್ ಹಾಳೆಯನ್ನು ಪರಿಶೀಲಿಸಿದ ಶಹೆರ್ ಬಾನು ವಾಘ್ ಎರಡನ್ನೂ ಬೇರೆಬೇರೆ ನೋಡಿದರು: ಒಬ್ಬರೇ ಎರಡು ಸಲ ಪರೀಕ್ಷಿಸಿದರೆ ಏನಾಗುತ್ತದೆ, ಬೇರೆ ಬೇರೆಯವರು ಪರೀಕ್ಷಿಸಿದರೆ ಏನಾಗುತ್ತದೆ ಎಂದು. ಎಷ್ಟು ಜಾಣತನ!

ಎರಡು ಪರೀಕ್ಷೆಗಳ ನಡುವೆ ಎಷ್ಟು ದಿನ ಬಿಡಬೇಕು? ಇದು ಇನ್ನೊಂದು ಒಗಟು. ಮಾರನೇ ದಿನವೇ ಅದೇ ಕಥೆ ಕೊಟ್ಟರೆ, ‘ಸರ್, ಇದನ್ನ ನಿನ್ನೆನೇ ಓದೀನ್ರಿ!’ ಎಂದು ಮಗು ಹಾಳೆ ನೋಡದೆಯೇ ಹೇಳಿಬಿಡುತ್ತದೆ. ಆಗ ನೀವು ಅಳೆದದ್ದು ಓದನ್ನಲ್ಲ, ನೆನಪನ್ನು! ಅದೇ ಮಟ್ಟದ ಬೇರೆ ಬೇರೆ ಮಾದರಿ ಹಾಳೆಗಳು ಅದಕ್ಕೇ ಇರುವುದು. ಎರಡು ತಿಂಗಳು ಬಿಟ್ಟರೆ? ಮಗು ನಿಜವಾಗಿಯೇ ಕಲಿತಿರುತ್ತದೆ. ಆ ಬದಲಾವಣೆಯನ್ನು ಪರೀಕ್ಷೆಯ ದೋಷವೆಂದು ಬರೆದರೆ ಮಗುವಿಗೂ ಅನ್ಯಾಯ, ಪಾಠ ಮಾಡಿದವರಿಗೂ ಅನ್ಯಾಯ.

ಈ ಮೂರು ತಾಲ್ಲೂಕಿನಲ್ಲಿ ದಿನ ಹೆಚ್ಚಾದಷ್ಟೂ ಇನ್ನೊಂದು ಅಪಾಯ ಕಾದಿದೆ. ಗುಳೆ! ಕೆಲಸ ಹುಡುಕಿ ಅಪ್ಪ ಅಮ್ಮ ಬೆಂಗಳೂರಿಗೋ ಹೈದರಾಬಾದಿಗೋ ಹೊರಟರೆ ಮಕ್ಕಳೂ ಜೊತೆಗೆ. ಹತ್ತಿ ಬಿಡಿಸುವ ಕಾಲದಲ್ಲಂತೂ ಬೆಂಚುಗಳೇ ಖಾಲಿ. ಎರಡನೇ ಪರೀಕ್ಷೆಗೆ ಯಾರು ಸಿಗುತ್ತಾರೆ? ತಪ್ಪದೆ ಶಾಲೆಗೆ ಬರುವವರು. ಕೆಳಗಿನ ಗುಂಪಿನವರೇ ಹೆಚ್ಚಾಗಿ ಹೋಗಿದ್ದರೆ ಏನಾಗುತ್ತದೆ, ಊಹಿಸಿ! ನಮ್ಮ ಲಿಂಗಸುಗೂರಿನ ತರಗತಿ ಮೆಲ್ಲಗೆ ಮಸ್ಕಿಯ ತರಗತಿಯಂತೆ ಆಗಿಬಿಡುತ್ತದೆ. ಉಳಿದವರಲ್ಲಿ ಬಹುತೇಕರು ಮೇಲಿನ ಗುಂಪಿನವರೇ. ಕಪ್ಪಾ ಕುಸಿಯುತ್ತದೆ. ಹಾಳೆಯ ಒಂದಕ್ಷರವೂ ಬದಲಾಗದೆ! ಆದ್ದರಿಂದ ಎರಡನೇ ಸಲ ಬಾರದವರ ಮೊದಲ ದಿನದ ಹಂತವನ್ನು ಪಕ್ಕದಲ್ಲೇ ಬರೆದಿಟ್ಟಿರಬೇಕು. ಆ ಕಾಲಂ ಇಲ್ಲದ ವರದಿಯನ್ನು ನಾನಂತೂ ನಂಬುವುದಿಲ್ಲ.

ಸರಿ, ನಮ್ಮ ಹುಡುಗಿಯನ್ನು ಉಳಿಸುವುದು ಹೇಗೆ? ಐದರ ಬದಲು ಇಪ್ಪತ್ತು ಪದ ಓದಿಸಿಬಿಡಿ, ಹದಿನಾರು ಸರಿಯಿದ್ದರೆ ಪಾಸ್, ಅನ್ನುತ್ತೀರಾ? ಒಳ್ಳೆಯ ಯೋಚನೆ! ನೂರಕ್ಕೆ 60 ಪದ ಬಲ್ಲ ಮಗುವಿಗೆ ಎರಡೂ ದಿನ ಒಂದೇ ಫಲಿತಾಂಶ ಬರುವ ಸಾಧ್ಯತೆ ಐದು ಪದದಲ್ಲಿ 55, ಇಪ್ಪತ್ತರಲ್ಲಿ 90! ನಮ್ಮ ಹುಡುಗಿಗೂ 50ರಿಂದ 64ಕ್ಕೆ ಏರಿತು.

ಸಂತೋಷವಾಯಿತೇ? ಈಗ ನೂರಕ್ಕೆ 80 ಪದ ಬಲ್ಲವನನ್ನು ನೋಡಿ. ಐದು ಪದದಲ್ಲಿ ಅವನಿಗೆ 61 ಇತ್ತು. ಇಪ್ಪತ್ತರಲ್ಲಿ? 53! ಇಳಿಯಿತು! ಪರೀಕ್ಷೆ ಉದ್ದವಾದಂತೆ ಗಡಿ ಚೂಪಾಗುತ್ತದೆ, ಆ ಚೂಪು ತುದಿಯ ಮೇಲೆ ನೇರವಾಗಿ ನಿಂತವನು ಇವನು. ಗಡಿ ಇರುವಷ್ಟು ಕಾಲ ಗಡಿಯ ಮೇಲೆ ಒಂದು ಮಗು ಇದ್ದೇ ಇರುತ್ತದೆ.

ಅದಕ್ಕೆ ಅಗ್ಗದ ಉಪಾಯವೊಂದಿದೆ, ನನಗಂತೂ ಇದೇ ಅತ್ಯಂತ ಇಷ್ಟ. ಎಲ್ಲರನ್ನೂ ಮತ್ತೆ ಪರೀಕ್ಷಿಸಬೇಡಿ. ಐದರಲ್ಲಿ ಮೂರು ಅಥವಾ ನಾಲ್ಕು ಸರಿ ಹೇಳಿದವರನ್ನಷ್ಟೇ ಕೆಲವು ದಿನ ಬಿಟ್ಟು, ಬೇರೆ ಹಾಳೆಯಲ್ಲಿ, ಮತ್ತೆ ಓದಿಸಿ. 95 ಪದ ಬಲ್ಲವನು ಈ ಬಲೆಗೆ ಬೀಳುವುದು ನೂರಕ್ಕೆ ಸುಮಾರು 22 ಸಲ. 30 ಬಲ್ಲವನು 16 ಸಲ. ನಮ್ಮ ಹುಡುಗಿ? 67 ಸಲ! ಯಾರ ಗುಂಪು ಅಲುಗಾಡುತ್ತಿದೆಯೋ ಅವರನ್ನೇ ಹಾಳೆ ತಾನಾಗಿ ಬೊಟ್ಟುಮಾಡಿ ತೋರಿಸುತ್ತದೆ. ಮಾಸ್ತರು ಹಂತದ ಜೊತೆಗೆ ಐದರಲ್ಲಿ ಎಷ್ಟು ಸರಿ ಎಂಬ ಅಂಕಿಯನ್ನೂ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿರಬೇಕು, ಅಷ್ಟೇ!